ಹಳದಿ ಹಾರ್ಟ್ ಬಂದರೆ ಏನರ್ಥ?

ನಿಶ್ಚಿತಾರ್ಥವಾಗಿ ಮೂರು ವಾರ ಕಳೆದ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳಿ. ಹುಡುಗ ಬೆಂಗಳೂರಿನಲ್ಲಿ, ಹುಡುಗಿ ಧಾರವಾಡದಲ್ಲಿ. ದಿನವೂ ರಾತ್ರಿ ‘ಗುಡ್ ನೈಟ್’ ಜೊತೆಗೆ ಅವಳಿಂದ ಒಂದು ಕೆಂಪು ಹಾರ್ಟ್ ಬರುತ್ತಿತ್ತು. ನವೆಂಬರ್ 2ರ ರಾತ್ರಿ ಬಂದದ್ದು ಹಳದಿ ಹಾರ್ಟ್. ಅವನು ಗೂಗಲ್‌ನಲ್ಲಿ ಹುಡುಕಿದ. ‘ಹಳದಿ ಎಂದರೆ ಬರೀ ಸ್ನೇಹ’ ಎಂಬ ಉತ್ತರ ಸಿಕ್ಕಿತು. ಅಂದು ಅವನಿಗೆ ನಿದ್ದೆ ಹತ್ತಲಿಲ್ಲ.

ಸಿಕ್ಕ ಉತ್ತರ ಸುಳ್ಳೇನಲ್ಲ. ಕೆಂಪು ಪ್ರೇಮಕ್ಕೆ, ಹಳದಿ ಗೆಳೆತನಕ್ಕೆ ಎಂಬ ರೂಢಿ ಬೆಳೆದಿದೆ. ನೀಲಿ ಮತ್ತು ಹಸಿರನ್ನು ಅಣ್ಣ–ತಮ್ಮಂದಿರು, ಸಹೋದ್ಯೋಗಿಗಳು, ಗೆಳೆಯರು ಸಲಿಗೆಯಿಂದ ಬಳಸುತ್ತಾರೆ. ಅದರಲ್ಲಿ ಪ್ರಣಯದ ಸೂಚನೆ ಕಡಿಮೆ. ಆದರೆ ಇದನ್ನೆಲ್ಲ ಯಾರೂ ನಿಯಮವೆಂದು ಬರೆದಿಟ್ಟಿಲ್ಲ. ಎಮೋಜಿಗಳನ್ನು ಪಟ್ಟಿ ಮಾಡುವ ಯೂನಿಕೋಡ್ ಸಂಸ್ಥೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಹೆಸರು ಕೊಡುತ್ತದೆ, ಅಷ್ಟೆ. ನೀಲಿ, ಹಸಿರು, ಹಳದಿ, ನೇರಳೆ ಹಾರ್ಟ್‌ಗಳು 2010ರಲ್ಲಿ ಆ ಪಟ್ಟಿಗೆ ಸೇರಿದಾಗ ಅವುಗಳ ಹೆಸರಿನಲ್ಲಿದ್ದದ್ದು ಬಣ್ಣ ಮಾತ್ರ. ಅರ್ಥ ತುಂಬಿದವರು ಬಳಸಿದವರು.

ಹಳದಿಗೆ ಸ್ನೇಹದ ಅರ್ಥ ಗಟ್ಟಿಯಾಗಲು ಸ್ನ್ಯಾಪ್‌ಚಾಟ್ ಆ್ಯಪ್ ಒಂದು ಕಾರಣ. 2015ರಲ್ಲಿ ಅದು ಗೆಳೆಯರ ಹೆಸರಿನ ಮುಂದೆ ತಾನಾಗಿಯೇ ಚಿಹ್ನೆ ಹಾಕತೊಡಗಿತು. ಇಬ್ಬರೂ ಪರಸ್ಪರ ಎಲ್ಲರಿಗಿಂತ ಹೆಚ್ಚು ಸ್ನ್ಯಾಪ್ ಕಳಿಸುತ್ತಿದ್ದರೆ ಹಳದಿ ಹಾರ್ಟ್. ಅದೇ ಸ್ಥಾನ ಎರಡು ವಾರ ಉಳಿದರೆ ಕೆಂಪು. ಎರಡು ತಿಂಗಳು ಉಳಿದರೆ ಜೋಡಿ ಗುಲಾಬಿ ಹಾರ್ಟ್. ಹೀಗೆ ಹಳದಿ ಮೊದಲ ಮೆಟ್ಟಿಲಾಯಿತು, ಕೆಂಪು ಅದರ ಮೇಲಿನದು. ಈ ಏಣಿಯನ್ನು ಬಲ್ಲವರಿಗೆ ಕೆಂಪಿನಿಂದ ಹಳದಿಗೆ ಇಳಿದದ್ದು ಪ್ರೀತಿ ತಗ್ಗಿದಂತೆ ಕಾಣುವುದು ಸಹಜ. ನೇರಳೆಯ ಕಥೆಯೂ ಹೀಗೆಯೇ: ಕೊರಿಯಾದ ಬಿಟಿಎಸ್ ತಂಡದ ಗಾಯಕ ವಿ 2016ರಲ್ಲಿ ನೇರಳೆಯನ್ನು ನಂಬಿಕೆ ಮತ್ತು ದೀರ್ಘ ಪ್ರೀತಿಯ ಬಣ್ಣವೆಂದು ಅಭಿಮಾನಿಗಳಿಗೆ ಹೇಳಿದ ಮೇಲೆ, ನೇರಳೆ ಹಾರ್ಟ್ ಅವರ ಗುರುತಾಯಿತು. ಮಗಳ ಸ್ಟೇಟಸ್‌ನಲ್ಲಿ ಅದು ಕಂಡರೆ ಹುಡುಗನ ಹೆಸರು ಹುಡುಕುವ ಮೊದಲು ಅವಳು ಕೇಳುವ ಹಾಡು ಯಾವುದೆಂದು ನೋಡಬಹುದು.

ಮತ್ತೆ ಧಾರವಾಡಕ್ಕೆ ಬರೋಣ. ಹಿಂದಿನ ದಿನ ಕನ್ನಡ ರಾಜ್ಯೋತ್ಸವ. ಅಂದು ಹಳದಿ–ಕೆಂಪು ಜೋಡಿ ಹಾರ್ಟ್ 💛❤️ ನಮ್ಮ ಬಾವುಟದ ಬಣ್ಣ. ಮೇಲೆ ಹಳದಿ, ಕೆಳಗೆ ಕೆಂಪು. ಹುಡುಗಿ ಅದನ್ನು ಹತ್ತಾರು ಗ್ರೂಪ್‌ಗಳಿಗೆ ಕಳಿಸಿದ್ದಳು. ಇತ್ತೀಚೆಗೆ ಬಳಸಿದ ಎಮೋಜಿಗಳನ್ನು ಮೊಬೈಲ್ ಕೀಬೋರ್ಡ್ ಮೊದಲ ಸಾಲಿನಲ್ಲಿ ತಂದು ನಿಲ್ಲಿಸುತ್ತದೆ. ಕೆಂಪು ಇರುತ್ತಿದ್ದ ಜಾಗದಲ್ಲಿ ಈಗ ಹಳದಿ ಇತ್ತು, ನಿದ್ದೆಗಣ್ಣಿನ ಬೆರಳು ಅದನ್ನೇ ಒತ್ತಿತು. ಬಣ್ಣದ ಹಿಂದೆ ಮನಸ್ಸೇ ಇರಬೇಕಿಲ್ಲ, ಕೆಲವೊಮ್ಮೆ ಕೀಬೋರ್ಡ್ ಮಾತ್ರ ಇರುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಒಂದು ಹಾರ್ಟ್‌ನಿಂದ ತೀರ್ಮಾನಕ್ಕೆ ಬರದೆ ಅದರ ಜೊತೆಗಿನ ಮಾತು ನೋಡಬೇಕು. ‘ಊಟ ಆಯ್ತಾ’ ಎಂದು ಮೊದಲಿನಂತೆ ಕೇಳಿದ್ದಾಳೆಯೆ? ಉತ್ತರ ಎಂದಿನಷ್ಟೇ ಬೇಗ, ಎಂದಿನಷ್ಟೇ ಉದ್ದ ಬರುತ್ತಿದೆಯೆ? ಎರಡೂ ಹೌದಾದರೆ ಬಣ್ಣವನ್ನು ಮರೆಯಬಹುದು. ಬಣ್ಣದ ಜೊತೆ ಮಾತೂ ತಣ್ಣಗಾಗಿದ್ದರೆ ಮಾತ್ರ ಕೇಳುವ ಅಗತ್ಯವಿದೆ, ಅದನ್ನೂ ಫೋನ್ ಮಾಡಿ.

ಕೆಂಪಿನಲ್ಲೂ ಎರಡು ಬಗೆ. ವಾಟ್ಸ್‌ಆ್ಯಪ್ 2022ರ ಮೇ ತಿಂಗಳಲ್ಲಿ ರಿಯಾಕ್ಷನ್ ತಂದಾಗ ಕೊಟ್ಟದ್ದು ಆರೇ ಚಿಹ್ನೆ, ಅವುಗಳಲ್ಲಿ ಹಾರ್ಟ್ ಒಂದೇ, ಅದು ಕೆಂಪು. ಆದ್ದರಿಂದ ಸಂದೇಶದ ಕೆಳಗೆ ಅಂಟಿದ ಕೆಂಪು ಹಾರ್ಟ್ ಎಂದರೆ ‘ನೋಡಿದೆ, ಖುಷಿಯಾಯಿತು’ ಎಂದಷ್ಟೇ. ಹಾರ್ಟ್ ಅನ್ನೇ ಬೇರೆ ಸಂದೇಶವಾಗಿ ಕಳಿಸಿದರೆ ತೂಕ ಹೆಚ್ಚು. ಕಚೇರಿಯ ಹೊಸ ಸಹೋದ್ಯೋಗಿಗೆ ರಾತ್ರಿ ಹನ್ನೊಂದಕ್ಕೆ ಅದನ್ನು ಕಳಿಸುವುದು ತಪ್ಪು ಸಂದೇಶವೇ. ಅಲ್ಲಿ ‘ಥ್ಯಾಂಕ್ಸ್’ ಸಾಕು. ಅಮ್ಮಂದಿರ ಕೆಂಪು ಹಾರ್ಟ್‌ಗೆ ಈ ಲೆಕ್ಕ ಹಿಡಿಯುವುದಿಲ್ಲ. ಅವರು ಮಗನಿಗೂ ಅಪಾರ್ಟ್‌ಮೆಂಟ್ ಗ್ರೂಪಿಗೂ ಅದನ್ನೇ ಕಳಿಸುತ್ತಾರೆ.

ನಿಜವಾಗಿ ನೋವಾಗುವುದು ಸಾವಿನ ಸುದ್ದಿಯಲ್ಲಿ. ಕಪ್ಪು ಹಾರ್ಟ್ ಕೆಲವರಿಗೆ ಶೋಕ, ಇನ್ನು ಕೆಲವರಿಗೆ ಕಪ್ಪು ಸೀರೆಯ ಫೋಟೊಗೆ ಹಾಕುವ ಮೆಚ್ಚುಗೆ. ಆರ್‌ಸಿಬಿ ಅಭಿಮಾನಿಗೆ ಕೆಂಪಿನ ಪಕ್ಕದ ಜೊತೆಗಾರ. ಕುಟುಂಬದ ಗ್ರೂಪ್‌ನಲ್ಲಿ ಅಜ್ಜನ ಸಾವಿನ ಸುದ್ದಿಗೆ ಯಾರೋ ಒತ್ತಿದ ಕೆಂಪು ಹಾರ್ಟ್ ಅತ್ತೆಯ ಕಣ್ಣಿಗೆ ಲೈಕ್‌ನಂತೆ ಕಾಣಬಹುದು. ಅಂಥ ಹೊತ್ತಿನಲ್ಲಿ ಯಾವ ಬಣ್ಣದ ಹಾರ್ಟೂ ಬೇಡ. ಎರಡು ಸಾಲು ಬರೆಯಿರಿ, ಸಾಧ್ಯವಾದರೆ ಮನೆಗೆ ಹೋಗಿ ಬನ್ನಿ.