ಒಂದೇ ಗೆರೆಯಲ್ಲಿ ಅಜ್ಜಿಯ ಮುಖ

ಒಂದು ನೂರು ರೂಪಾಯಿ ನೋಟು ತೆಗೆದು ನೋಡಿ. ಅದರಲ್ಲಿ ಗಾಂಧೀಜಿ ನಗುತ್ತಿದ್ದಾರೆ. ಈ ಚಿತ್ರವನ್ನು 1946ರಲ್ಲಿ ತೆಗೆದ ಒಂದು ಫೋಟೋ ನೋಡಿ ಮಾಡಿದ್ದು. 1996ರಿಂದ ಇದು ನಮ್ಮ ನೋಟುಗಳ ಮೇಲೆ ಬರುತ್ತಿದೆ. ನೋಟನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಮುಖದ ತುಂಬಾ ಸಣ್ಣ ಸಣ್ಣ ಗೆರೆಗಳಿವೆ. ಎಣಿಸಲು ಆಗುವುದಿಲ್ಲ, ಅಷ್ಟೊಂದು.

ಈಗ ಸ್ವಚ್ಛ ಭಾರತದ ಗುರುತು ನೆನಪು ಮಾಡಿಕೊಳ್ಳಿ. 2014ರಲ್ಲಿ ಬಂದದ್ದು. ಅದರಲ್ಲಿ ಮುಖವೇ ಇಲ್ಲ. ಒಂದು ಜೊತೆ ಕನ್ನಡಕ ಮಾತ್ರ ಇದೆ. ಆದರೂ ಅದು ಗಾಂಧೀಜಿಯ ಕನ್ನಡಕ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಒಂದು ಕಡೆ ನೂರಾರು ಗೆರೆ. ಇನ್ನೊಂದು ಕಡೆ ನಾಲ್ಕಾರು ಗೆರೆ. ಎರಡರಲ್ಲೂ ಮನುಷ್ಯ ಒಬ್ಬರೇ. ಹಾಗಾದರೆ ಯಾವ ಗೆರೆ ಬೇಕು? ಯಾವುದು ಬೇಡ? ಫೋಟೋ ನೋಡಿ ಒಂದೇ ಗೆರೆಯಲ್ಲಿ ಮುಖ ಬರೆಯುವವರಿಗೆ ಇದೇ ಮುಖ್ಯ ಪ್ರಶ್ನೆ. ಪೆನ್ನು ಎತ್ತಬಾರದು. ಶುರು ಮಾಡಿದ ಗೆರೆ ಮುಗಿಯುವ ತನಕ ಕಡಿಯಬಾರದು. ಹಾಗೆ ಬರೆದ ಚಿತ್ರವನ್ನು ಬಟ್ಟೆಯ ಮೇಲೆ ಒಂದೇ ದಾರದಲ್ಲಿ ಹೊಲಿಯಬಹುದು. ಗೋಡೆಯ ಮೇಲೆ ಬಣ್ಣದಲ್ಲಿ ಎಳೆಯಬಹುದು.

ಒಂದು ಹಳೆಯ ಫೋಟೋ

ಒಂದು ಮನೆಯಲ್ಲಿ ಅಜ್ಜಿ ತೀರಿಹೋಗಿದ್ದಾರೆ ಅಂದುಕೊಳ್ಳಿ. ಮನೆಯಲ್ಲಿ ಅವರ ಫೋಟೋ ಇರುವುದು ಒಂದೇ. ಅದೂ ಯಾವುದೋ ಕಾರ್ಡಿಗೆ ಅಂತ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೋ. ಮಳೆ ನೀರು ತಾಗಿ ಒಂದು ಮೂಲೆ ಮಾಸಿದೆ. ಬಣ್ಣ ದಿನೇ ದಿನೇ ಹೋಗುತ್ತಿದೆ. ಮೊಮ್ಮಕ್ಕಳಿಗೆ ಅಜ್ಜಿಯ ಮುಖ ಉಳಿಯಬೇಕು. ಈ ಫೋಟೋ ಇಟ್ಟುಕೊಂಡು ಒಂದೇ ಗೆರೆಯ ಚಿತ್ರ ಹೇಗೆ ಮಾಡುವುದು ಅಂತ ನೋಡೋಣ.

ಮೊದಲ ಕೆಲಸ ಜೆರಾಕ್ಸ್ ಅಂಗಡಿಯಲ್ಲಿ. ಫೋಟೋದ ಅಗಲ ಮೂರೂವರೆ ಸೆಂಟಿಮೀಟರ್, ಎತ್ತರ ನಾಲ್ಕೂವರೆ ಸೆಂಟಿಮೀಟರ್. ಇದನ್ನು ಎರಡರಷ್ಟು ದೊಡ್ಡದು ಮಾಡಲು ಹೇಳಿ. ಬಂದ ಪ್ರತಿಯನ್ನು ಇನ್ನೊಮ್ಮೆ ಎರಡರಷ್ಟು ಮಾಡಿಸಿ. ಈಗ ಅಗಲ 14, ಎತ್ತರ 18 ಸೆಂಟಿಮೀಟರ್ ಆಯಿತು. ಬರೆಯಲು ಸಾಕು.

ಜೆರಾಕ್ಸಿನಿಂದ ಇನ್ನೊಂದು ಲಾಭ ಇದೆ. ಅದರಲ್ಲಿ ತೆಳು ನೆರಳು ಅಳಿಸಿಹೋಗುತ್ತದೆ. ಗಾಢವಾದ ಗೆರೆ ಉಳಿಯುತ್ತದೆ. ಅಂದರೆ ಆರಿಸುವ ಕೆಲಸದಲ್ಲಿ ಅರ್ಧವನ್ನು ಯಂತ್ರವೇ ಮಾಡಿಕೊಟ್ಟ ಹಾಗೆ. ಆದರೆ ನೀರಿನ ಕಲೆಯೂ ಕಪ್ಪಾಗಿ ಬರುತ್ತದೆ. ಅದನ್ನು ಮುಖದ ಗೆರೆ ಅಂತ ತಿಳಿಯಬೇಡಿ. ಮೂಲ ಫೋಟೋ ಪಕ್ಕದಲ್ಲೇ ಇರಲಿ.

ಯಾವ ಗೆರೆ ಇರಲಿ, ಯಾವುದು ಹೋಗಲಿ

ಜೆರಾಕ್ಸ್ ಪ್ರತಿಯನ್ನು ಒಂದು ಮಾರು ದೂರ ಇಟ್ಟು, ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ವಿವರ ಎಲ್ಲ ಮಾಯವಾಗುತ್ತದೆ. ಆಗಲೂ ಕಾಣುವುದು ಯಾವುದು? ನಮ್ಮ ಅಜ್ಜಿಯ ಫೋಟೋದಲ್ಲಿ ತಲೆಯ ಮೇಲಿನ ಸೆರಗು, ಹುಬ್ಬು, ಮೇಲಿನ ರೆಪ್ಪೆ, ಮೂಗಿನ ಕೆಳಭಾಗ, ತುಟಿಗಳ ನಡುವಿನ ಗೆರೆ, ಗದ್ದ ಕಾಣುತ್ತವೆ. ಇವು ಇರಲೇಬೇಕು.

ಇನ್ನು ಕೆಲವು ಗೆರೆ ಎಲ್ಲರ ಮುಖದಲ್ಲೂ ಇರುವುದಿಲ್ಲ. ಅವು ಆ ಒಬ್ಬರದ್ದೇ ಗುರುತು. ಈ ಅಜ್ಜಿಗೆ ದೊಡ್ಡ ಮೂಗುತಿ, ಅಗಲ ಕುಂಕುಮ, ಜೋತ ಕಿವಿ. ನಕ್ಕಾಗ ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಒಂದು ಮಡಿಕೆ. ಇವುಗಳನ್ನು ಬಿಟ್ಟರೆ ಚಿತ್ರ ಯಾವುದೋ ಒಬ್ಬ ಮುದುಕಿಯದ್ದಾಗುತ್ತದೆ. ನಿಮ್ಮ ಅಜ್ಜಿಯದ್ದಾಗುವುದಿಲ್ಲ.

ಬಿಡಬೇಕಾದ ಗೆರೆಗಳೂ ಇವೆ. ಮೊದಲನೆಯದು ಹಣೆಯ ಸುಕ್ಕು. ಫೋಟೋದಲ್ಲಿ ಸುಕ್ಕು ತೆಳು ನೆರಳಾಗಿ ಇರುತ್ತದೆ. ಪೆನ್ನಿನಲ್ಲಿ ಬರೆದರೆ ಅದಕ್ಕೂ ಕಣ್ಣಿನಷ್ಟೇ ಕಪ್ಪು ಬರುತ್ತದೆ. ಎಲ್ಲ ಸುಕ್ಕು ಬರೆದರೆ ಅರವತ್ತು ವರ್ಷದ ಅಜ್ಜಿಗೆ ತೊಂಬತ್ತು ವರ್ಷ ಆಗಿಬಿಡುತ್ತದೆ. ಎರಡನೆಯದು ಹಲ್ಲು. ಹಲ್ಲಿನ ನಡುವೆ ಗೆರೆ ಎಳೆದರೆ ನಗು ಹೋಗಿ ಮುಖ ಭಯ ಹುಟ್ಟಿಸುತ್ತದೆ. ಮೂರನೆಯದು ಮೂಗಿನ ಎರಡೂ ಪಕ್ಕದ ಗೆರೆ. ಒಂದು ಪಕ್ಕ ಬರೆದರೆ ಸಾಕು. ಎರಡೂ ಬರೆದರೆ ಮೂಗು ಕೊಳವೆಯ ಹಾಗೆ ಕಾಣುತ್ತದೆ. ಕೆಳಗಿನ ರೆಪ್ಪೆ, ಸೀರೆಯ ಹೂವು, ಕೆನ್ನೆಯ ನೆರಳು ಕೂಡ ಬೇಡ.

ಇಷ್ಟು ಕಟ್ಟುನಿಟ್ಟು ಏಕೆ? 1649ರಲ್ಲಿ ಫ್ರಾನ್ಸಿನ ಕ್ಲೋದ್ ಮೆಲ್ಲಾನ್ ಎಂಬ ಕಲಾವಿದ ಏಸುವಿನ ಮುಖವನ್ನು ಒಂದೇ ಗೆರೆಯಲ್ಲಿ ಕೊರೆದ. ಮೂಗಿನ ತುದಿಯಿಂದ ಶುರುವಾದ ಗೆರೆ ಸುರುಳಿಯಾಗಿ ಸುತ್ತುತ್ತಾ ಹೋಗುತ್ತದೆ. ನೆರಳು ಬೇಕಾದ ಕಡೆ ಆತ ಗೆರೆಯನ್ನು ದಪ್ಪ ಮಾಡಿದ. ಬೆಳಕು ಬೇಕಾದ ಕಡೆ ತೆಳ್ಳಗೆ ಮಾಡಿದ. ಹಾಗಾಗಿ ಅವನಿಗೆ ನೆರಳನ್ನೂ ತೋರಿಸಲು ಆಯಿತು. ನಮ್ಮ ಪೆನ್ನಿನ ಗೆರೆಯ ದಪ್ಪ ಒಂದೇ. ದಾರದ ದಪ್ಪವೂ ಒಂದೇ. ಅದು ಅಂಚನ್ನು ಮಾತ್ರ ತೋರಿಸುತ್ತದೆ, ನೆರಳನ್ನು ತೋರಿಸಲಾರದು.

ಅಂಚಿನ ಗೆರೆಗೆ ಎಷ್ಟು ಶಕ್ತಿ ಇದೆ ಅಂತ ನೋಡಲು ನಮ್ಮವರು ದೂರ ಹೋಗಬೇಕಿಲ್ಲ. ಕೊಡಿಕೊಂಡ ಚೆಕ್‌ಪೋಸ್ಟಿನಿಂದ ಹಿಂದೂಪುರದ ದಾರಿ ಹಿಡಿದರೆ ಲೇಪಾಕ್ಷಿ ಸಿಗುತ್ತದೆ. ಅಲ್ಲಿನ ವೀರಭದ್ರ ಗುಡಿಯ ಚಾವಣಿಯಲ್ಲಿ ವಿಜಯನಗರ ಕಾಲದ, ಅಂದರೆ 16ನೇ ಶತಮಾನದ, ಚಿತ್ರಗಳಿವೆ. ಅಲ್ಲಿ ಹೆಚ್ಚಿನ ಮುಖಗಳು ಪಕ್ಕಕ್ಕೆ ತಿರುಗಿವೆ. ಹಣೆ, ಮೂಗು, ತುಟಿ, ಗದ್ದ ಒಂದೇ ಕಪ್ಪು ಗೆರೆಯಲ್ಲಿ ಇಳಿಯುತ್ತವೆ. ಬಣ್ಣ ಮಾಸಿದ್ದರೂ ಆ ಗೆರೆ ಉಳಿದ ಕಡೆ ಮುಖ ಉಳಿದಿದೆ.

ದಾರಿ ಹುಡುಕುವುದು

ಈಗ ಕಷ್ಟದ ಕೆಲಸ. ಕಣ್ಣು, ಬಾಯಿ, ಕುಂಕುಮ ಇವೆಲ್ಲ ಮುಖದಲ್ಲಿ ಬೇರೆ ಬೇರೆ ಇವೆ. ಪೆನ್ನು ಎತ್ತದೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಹಾಗಾದರೆ ನಡುವೆ ಸೇತುವೆ ಬೇಕು.

ಸೇತುವೆಗೆ ಎರಡು ನಿಯಮ. ಒಂದು, ಮುಖದಲ್ಲಿ ಮಡಿಕೆಯೋ ನೆರಳೋ ಇರುವ ಕಡೆಯೇ ದಾಟಿ. ಬಯಲಾಗಿರುವ ಕೆನ್ನೆಯ ಮೇಲೆ ದಾಟಿದರೆ ಗಾಯದ ಹಾಗೆ ಕಾಣುತ್ತದೆ. ಎರಡು, ಬೇರೆ ದಾರಿ ಇಲ್ಲದಿದ್ದರೆ ಬಂದ ಗೆರೆಯ ಮೇಲೆಯೇ ಹಿಂದಕ್ಕೆ ಹೋಗಿ. ಅದು ತಪ್ಪಲ್ಲ.

ಚುಕ್ಕಿ ರಂಗೋಲಿಯಲ್ಲಿ ಒಂದೇ ಎಳೆ ಎಳೆಯುವವರಿಗೆ ಇದು ಗೊತ್ತು. ಮೂರು ಗೆರೆ ಕೂಡುವ ಜಾಗಕ್ಕೆ ಒಂದರಲ್ಲಿ ಬರುತ್ತೀರಿ, ಇನ್ನೊಂದರಲ್ಲಿ ಹೋಗುತ್ತೀರಿ, ಮೂರನೆಯದು ಉಳಿದುಬಿಡುತ್ತದೆ. ಅಂಥ ಕಡೆ ಶುರು ಮಾಡಬೇಕು, ಇಲ್ಲ ಮುಗಿಸಬೇಕು. ಎರಡೂ ಆಗದಿದ್ದರೆ ಹೋದ ದಾರಿಯಲ್ಲೇ ಮರಳಬೇಕು.

ಅಜ್ಜಿಯ ಮುಖ ನಮ್ಮ ಬಲಗಡೆಗೆ ಸ್ವಲ್ಪ ತಿರುಗಿದೆ. ಎಡಗಿವಿ, ಬಲಗಣ್ಣು ಅಂದಾಗಲೆಲ್ಲ ನೋಡುವ ನಮ್ಮ ಎಡ ಬಲ ಅಂತ ತಿಳಿಯಿರಿ. ದಾರಿ ಹೀಗೆ ಹೋಗುತ್ತದೆ.

1. ಎಡ ಭುಜದ ಕೆಳಗೆ, ಕಾಗದದ ಅಂಚಿನಲ್ಲಿ ಶುರು. ಸೆರಗಿನ ಹೊರ ಅಂಚಿನಲ್ಲಿ ಮೇಲಕ್ಕೆ ಹತ್ತಿ, ತಲೆಯ ಮೇಲೆ ಹಾದು, ಹಣೆಯ ಬಲತುದಿಗೆ ಇಳಿಯಿರಿ.

2. ಅಲ್ಲಿಂದ ಎಡಕ್ಕೆ ತಿರುಗಿ, ಕೂದಲು ಹಣೆಗೆ ಕೂಡುವ ಗೆರೆಯಲ್ಲಿ ಎಡಗಿವಿಗೆ ಬನ್ನಿ. ಕಿವಿ, ಓಲೆ ಬರೆಯಿರಿ. ಬಂದ ಗೆರೆಯ ಮೇಲೆ ಕಣತಲೆಯ ತನಕ ಹಿಂದಕ್ಕೆ ಹೋಗಿ.

3. ಅಲ್ಲಿಂದ ಎಡ ಹುಬ್ಬಿನ ಹೊರತುದಿಗೆ ಪುಟ್ಟ ಸೇತುವೆ. ಹುಬ್ಬು ಎಳೆದು ಒಳತುದಿಗೆ ಬನ್ನಿ. ಹಣೆಯ ನಡುವೆ ಹತ್ತಿ ಕುಂಕುಮ ಸುತ್ತಿ, ಅದೇ ದಾರಿಯಲ್ಲಿ ಹುಬ್ಬಿಗೆ ಮರಳಿ. ಎರಡು ಹುಬ್ಬನ್ನು ಮಾತ್ರ ಸೇರಿಸಬೇಡಿ. ಸೇರಿಸಿದರೆ ಅಜ್ಜಿ ಸಿಟ್ಟಾದ ಹಾಗೆ ಕಾಣುತ್ತಾರೆ.

4. ಹುಬ್ಬಿನ ಒಳತುದಿಯಿಂದ ಕಣ್ಣಿನ ಮೂಲೆಗೆ ಇಳಿಯಿರಿ. ಮೇಲಿನ ರೆಪ್ಪೆ ಎಳೆಯಿರಿ. ಹಿಂದಕ್ಕೆ ಬರುವಾಗ ನಡುವೆ ಕಣ್ಣಗುಡ್ಡೆ ಸುತ್ತಿ. ಕಣ್ಣಿನ ಮೂಲೆಯಿಂದ ಮೂಗಿನ ಬುಡ ದಾಟಿ ಬಲಗಣ್ಣಿಗೆ ಹೋಗಿ. ಅಲ್ಲಿ ರೆಪ್ಪೆ, ಗುಡ್ಡೆ ಬರೆದು ಹೊರತುದಿಯಿಂದ ಬಲ ಹುಬ್ಬಿಗೆ ಹತ್ತಿ, ಒಳಗಡೆಗೆ ಬನ್ನಿ.

5. ಬಲ ಹುಬ್ಬಿನ ಒಳತುದಿಯೇ ಮೂಗಿನ ಗೆರೆಯಾಗಿ ಕೆಳಗೆ ಇಳಿಯುತ್ತದೆ. ಮೂಗಿನ ತುದಿ ಸುತ್ತಿ ಎಡ ಹೊಳ್ಳೆಗೆ ಬನ್ನಿ. ಅಲ್ಲೇ ಮೂಗುತಿ ಸುತ್ತಿ.

6. ಹೊಳ್ಳೆಯಿಂದ ನಗುವಿನ ಮಡಿಕೆಯಲ್ಲಿ ಇಳಿದರೆ ಬಾಯಿಯ ಎಡತುದಿ ಸಿಗುತ್ತದೆ. ಇದು ಅಜ್ಜಿಯ ಗುರುತೂ ಹೌದು, ನಮಗೆ ಸೇತುವೆಯೂ ಹೌದು. ತುಟಿಗಳ ನಡುವಿನ ಗೆರೆಯಲ್ಲಿ ಬಲತುದಿಗೆ ಹೋಗಿ.

7. ಮುಖ ತಿರುಗಿರುವುದರಿಂದ ಬಾಯಿಯ ಬಲತುದಿಗೆ ಕೆನ್ನೆಯ ಅಂಚು ಹತ್ತಿರ ಇರುತ್ತದೆ. ಅಂಚಿಗೆ ದಾಟಿ. ಕಣ್ಣಿನ ಮಟ್ಟಕ್ಕೆ ಹತ್ತಿ, ಮರಳಿ ಇಳಿಯಿರಿ. ಗದ್ದ ಸುತ್ತಿ ದವಡೆಯಲ್ಲಿ ಕಿವಿಯ ಕೆಳಗೆ ಬನ್ನಿ. ಕುತ್ತಿಗೆಯಲ್ಲಿ ಇಳಿದು, ರವಿಕೆಯ ಕೊರಳಿನ ಅಂಚಿನಲ್ಲಿ ಬಲ ಭುಜಕ್ಕೆ ಹೋಗಿ, ಕಾಗದದ ಹೊರಗೆ ಮುಗಿಸಿ.

ಈ ದಾರಿಯನ್ನು ಮೊದಲು ಜೆರಾಕ್ಸಿನ ಮೇಲೆ ಬೆರಳಿನಿಂದ ಎಳೆದು ನೋಡಿ. ಆಮೇಲೆ ಪೆನ್ಸಿಲಿನಲ್ಲಿ ಬಾಣ ಹಾಕಿ, ಅಂಕಿ ಬರೆಯಿರಿ. ಬಳಿಕ ಜೆರಾಕ್ಸಿನ ಮೇಲೆ ಬಿಳಿ ಕಾಗದ ಇಟ್ಟು, ಎರಡನ್ನೂ ಹಗಲಿನಲ್ಲಿ ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ. ಕೆಳಗಿನ ಗೆರೆ ಮೇಲೆ ಕಾಣುತ್ತದೆ. ನಿಧಾನವಾಗಿ ಬರೆಯಿರಿ. ಯೋಚನೆ ಮಾಡಬೇಕು ಅನಿಸಿದರೆ ಪೆನ್ನು ಎತ್ತದೆ ಅಲ್ಲೇ ನಿಲ್ಲಿಸಿ. ಸ್ಕೆಚ್ ಪೆನ್ನಾದರೆ ನಿಂತ ಕಡೆ ಚುಕ್ಕೆ ಹರಡುತ್ತದೆ. ಬಾಲ್ ಪೆನ್ನಿಗೆ ಆ ತೊಂದರೆ ಕಡಿಮೆ.

ಸರಿ ಬಂತೋ ಇಲ್ಲವೋ

ಕಾಗದ ತಿರುವಿ, ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿ. ಒಂದು ಕಣ್ಣು ಮೇಲೆ ಹೋಗಿದ್ದರೆ, ಬಾಯಿ ಸೊಟ್ಟ ಆಗಿದ್ದರೆ ಆಗ ತಟ್ಟನೆ ಕಾಣುತ್ತದೆ. ಕಿಟಕಿ ಇಲ್ಲದೆ ನೋಡಿಕೊಂಡೇ ಬರೆದವರು ಇನ್ನೊಂದು ಅಳತೆ ಮಾಡಿ. ನೆತ್ತಿಯಿಂದ ಗದ್ದದ ತನಕ ಅಳೆದರೆ ಕಣ್ಣು ಸುಮಾರು ನಡುಮಧ್ಯದಲ್ಲಿ ಇರಬೇಕು. ಹೆಚ್ಚಿನವರು ಕಣ್ಣನ್ನು ಹಣೆಗೆ ಹತ್ತಿಸಿಬಿಡುತ್ತಾರೆ.

ಆಮೇಲೆ ಅಜ್ಜಿಯನ್ನು ನೋಡಿದ್ದ ಒಬ್ಬರಿಗೆ ತೋರಿಸಿ. ಹೆಸರು ಹೇಳಬೇಡಿ. "ಇದು ಯಾರು?" ಅಂತ ಮಾತ್ರ ಕೇಳಿ. "ಯಾರೋ ಅಜ್ಜಿ" ಅಂದರೆ ಗುರುತಿನ ಗೆರೆ ಕಮ್ಮಿಯಾಗಿದೆ. ಮೂಗುತಿ, ಕಿವಿ, ನಗುವಿನ ಮಡಿಕೆ ಇನ್ನೊಮ್ಮೆ ನೋಡಿ. "ತುಂಬಾ ಮುದುಕಿ ಆಗಿದ್ದಾರೆ" ಅಂದರೆ ಗೆರೆ ಜಾಸ್ತಿಯಾಗಿದೆ. ಒಂದೊಂದಾಗಿ ತೆಗೆದು ಮತ್ತೆ ಬರೆಯಿರಿ. ಒಂದೇ ಗೆರೆಯಲ್ಲಿ ನಡುವೆ ತಿದ್ದಲು ಆಗುವುದಿಲ್ಲ. ಪ್ರತಿ ಸಲವೂ ಹೊಸ ಕಾಗದ ಬೇಕು.

ಒಂದು ಮಾತು. ಫೋಟೋ ಮಾಸಿದ ಕಡೆ ಗೆರೆ ಕಾಣದಿದ್ದರೆ ನೀವೇ ಊಹಿಸಿ ಎಳೆಯಬೇಡಿ. ಅಜ್ಜಿಯ ಜೊತೆ ಇದ್ದವರನ್ನು ಕೇಳಿ. ಅವರಿಗೂ ನೆನಪಿಲ್ಲದಿದ್ದರೆ ಆ ಜಾಗ ಖಾಲಿ ಇರಲಿ. ಚಿಕ್ಕ ಮಕ್ಕಳ ಮುಖಕ್ಕೆ ಈ ವಿಧಾನ ಅಷ್ಟು ಹೊಂದುವುದಿಲ್ಲ. ದುಂಡು ಮುಖದಲ್ಲಿ ಮಡಿಕೆ ಕಡಿಮೆ. ಸೇತುವೆ ಹಾಕಲು ಜಾಗವೇ ಸಿಗುವುದಿಲ್ಲ.

ಮಾಡಿ ನೋಡಿ

ಅ) ನಿಮ್ಮ ಮನೆಯ ಹಿರಿಯರ ಒಂದು ಫೋಟೋ ನೋಡಿ. ಅವರದ್ದೇ ಗುರುತು ಅನ್ನುವ ಮೂರು ಗೆರೆಗಳ ಹೆಸರು ಬರೆಯಿರಿ.

ಆ) ಬಿಡಬೇಕಾದ ಮೂರು ಗೆರೆಗಳ ಹೆಸರು ಬರೆಯಿರಿ.

ಇ) ಎಡಗಣ್ಣಿನಿಂದ ಬಾಯಿಗೆ ಪೆನ್ನು ಎತ್ತದೆ ಹೋಗಲು ಆ ಮುಖದಲ್ಲಿ ಯಾವ ದಾರಿ ಇದೆ? ಬೆರಳಿನಿಂದ ತೋರಿಸಿ.