ಅದೇ ತುಂಡು ಮತ್ತೆ ಸಿಗುತ್ತದೆಯೇ?

ನಾಲ್ಕು ಅಡಿಯ ಕಬ್ಬಿಣದ ಸರಳೊಂದಿದೆ. ತುಂಡು ಮಾಡಿ ಮಾರಿದರೆ 1 ಅಡಿಗೆ 20 ರೂಪಾಯಿ, 2 ಅಡಿಗೆ 70, 3 ಅಡಿಗೆ 110. ಕತ್ತರಿಸದೆ ಹಾಗೇ ಕೊಟ್ಟರೆ 125. ಹೇಗೆ ಕತ್ತರಿಸಿದರೆ ಹೆಚ್ಚು ದುಡ್ಡು?

ಅಡಿಯ ಲೆಕ್ಕ ಹಾಕಿದರೆ 3 ಅಡಿಯದಕ್ಕೇ ಒಳ್ಳೆಯ ದರ. ಅದನ್ನು ಮೊದಲು ಕತ್ತರಿಸಿದರೆ ಉಳಿದ 1 ಅಡಿಯೂ ಸೇರಿ 130 ಸಿಗುತ್ತದೆ. ಆದರೆ ಎರಡೆರಡು ಅಡಿಯ ಎರಡು ತುಂಡು ಮಾಡಿದರೆ 140! ದರ ನೋಡಿ ದುರಾಸೆ ಪಟ್ಟರೆ ಇಲ್ಲಿ ನಷ್ಟ.

ಹಾಗೆಂದು ಎಲ್ಲ ಬಗೆಗಳನ್ನೂ ಎಣಿಸುತ್ತ ಕೂರಲಾಗದು. 40 ಅಡಿಯ ಸರಳನ್ನು ಅಡಿ ಅಡಿಗೆ ಕತ್ತರಿಸುವ, ಬಿಡುವ ಬಗೆಗಳು ಸುಮಾರು 55,000 ಕೋಟಿ. ಡೈನಾಮಿಕ್ ಪ್ರೋಗ್ರಾಮಿಂಗ್ ಇದನ್ನು ಚಿಕ್ಕದರಿಂದ ಶುರುಮಾಡುತ್ತದೆ. 1 ಅಡಿಯ ಸರಳಿಗೆ ಅತಿ ಹೆಚ್ಚೆಂದರೆ 20, 2 ಅಡಿಗೆ 70, 3 ಅಡಿಗೆ 110 ಎಂದು ಬರೆದಿಟ್ಟುಕೊಳ್ಳುತ್ತದೆ. 4 ಅಡಿಯ ಸರದಿ ಬಂದಾಗ ಮೊದಲ ತುಂಡು ಎಷ್ಟುದ್ದ ಎಂದಷ್ಟೇ ಯೋಚಿಸಿದರೆ ಸಾಕು. ಉಳಿದದ್ದರ ಉತ್ತರ ಆಗಲೇ ಪಟ್ಟಿಯಲ್ಲಿದೆ.

```python
best = [0] * (N + 1)
for w, p in pieces:
    for j in range(w, N + 1):
        best[j] = max(best[j], best[j - w] + p)
```

ಇಲ್ಲಿ `w` ತುಂಡಿನ ಉದ್ದ, `p` ಅದರ ಬೆಲೆ. ಉದ್ದವನ್ನು ತೂಕ ಎಂದುಕೊಂಡರೆ ಇದೇ ಅನ್‌ಬೌಂಡೆಡ್ ನ್ಯಾಪ್‌ಸ್ಯಾಕ್, ಅಂದರೆ ಒಂದೇ ವಸ್ತುವನ್ನು ಎಷ್ಟು ಸಲವಾದರೂ ಚೀಲಕ್ಕೆ ಹಾಕಬಹುದಾದ ಲೆಕ್ಕ. ಪ್ರತಿ ವಸ್ತುವೂ ಒಂದೊಂದೇ ಇದ್ದರೆ ಅದು ಜೀರೋ-ಒನ್ ನ್ಯಾಪ್‌ಸ್ಯಾಕ್: ತಗೋ, ಇಲ್ಲ ಬಿಡು. ಅದಕ್ಕೆ ಬೇರೆ ಪ್ರೋಗ್ರಾಮ್ ಬೇಕಿಲ್ಲ. ಒಳಗಿನ ಲೂಪನ್ನು `range(N, w - 1, -1)` ಎಂದು ಹಿಂದುಮುಂದಾಗಿ ಓಡಿಸಿದರಾಯಿತು. ಈ ವಿಷಯದಲ್ಲಿ ನಿಜವಾಗಿ ಅರ್ಥ ಮಾಡಿಕೊಳ್ಳಬೇಕಾದ ಜಾಗ ಇದೊಂದೇ ಎಂದು ನನಗನ್ನಿಸುತ್ತದೆ.

2 ಅಡಿಯ ತುಂಡನ್ನಷ್ಟೇ ಇಟ್ಟುಕೊಂಡು ನೋಡಿ. ಪಟ್ಟಿಯ ತುಂಬ ಸೊನ್ನೆ. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ `best[2]` ಮೊದಲು 70 ಆಗುತ್ತದೆ. `best[4]`ಕ್ಕೆ ಬರುವಾಗ ಆ 70ಕ್ಕೆ ಇನ್ನೊಂದು 70 ಸೇರಿ 140. ಅಂದರೆ ಒಮ್ಮೆ ಬಳಸಿದ ತುಂಡೇ ಮತ್ತೆ ಸಿಕ್ಕಿತು. ದೊಡ್ಡದರಿಂದ ಇಳಿದು ಬಂದರೆ `best[4]`ನ ಸರದಿ ಮೊದಲು. ಆಗ `best[2]` ಇನ್ನೂ ಸೊನ್ನೆಯೇ, ಆದ್ದರಿಂದ 70 ಮಾತ್ರ. `best[2]` ತುಂಬುವುದು ಆಮೇಲೆ, ಅಷ್ಟರಲ್ಲಿ `best[4]` ಅದನ್ನು ನೋಡಿಯಾಗಿದೆ. ನಮ್ಮ ಸರಳಿನಲ್ಲೂ ಪ್ರತಿ ಉದ್ದದ ತುಂಡು ಒಂದೇ ಎಂದು ಕಟ್ಟು ಹಾಕಿದರೆ 140 ತಪ್ಪಿ 130ಕ್ಕೇ ತೃಪ್ತಿಪಡಬೇಕು.

ಪಟ್ಟಿಯ ಗಾತ್ರ ಅಳತೆಗೆ ತಕ್ಕಂತೆ ಬೆಳೆಯುತ್ತದೆ. 12 ಮೀಟರ್ ಸರಳನ್ನು ಮಿಲಿಮೀಟರಿನಲ್ಲಿ ಅಳೆದರೆ 12,000 ಮನೆ ತುಂಬಬೇಕು. ಕಟರ್ ಬ್ಲೇಡ್ ತಿನ್ನುವ ಕಬ್ಬಿಣವಂತೂ ಈ ಕೋಡಿನ ಲೆಕ್ಕದಲ್ಲೇ ಇಲ್ಲ.

ಲೂಪಿನ ದಿಕ್ಕು ತಪ್ಪಿದರೆ ಪ್ರೋಗ್ರಾಮ್ ದೂರುವುದಿಲ್ಲ, ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಪತ್ತೆಹಚ್ಚಲು ಒಂದೇ ವಸ್ತು ಕೊಟ್ಟು ನೋಡಿ: ತೂಕ 2, ಬೆಲೆ 70, ಚೀಲದ ಮಿತಿ 4. ಜೀರೋ-ಒನ್ ಲೆಕ್ಕದಲ್ಲಿ 140 ಬಂದರೆ ಲೂಪು ಮುಂದಕ್ಕೆ ಓಡುತ್ತಿದೆ ಎಂದರ್ಥ.