ನೋವಿಗಿಂತ ಮುಂಚೆ ಹೊರಡುವ ಮೈಗ್ರೇನ್

ಮೈಗ್ರೇನ್ ಎಂದರೆ ಜೋರಾದ ತಲೆನೋವು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ತಲೆ ಸಿಡಿಯಲು ಶುರುವಾಗುವ ಹೊತ್ತಿಗೆ ಮಿದುಳಿನಲ್ಲಿ ಮೈಗ್ರೇನ್ ಸಾಕಷ್ಟು ದೂರ ಸಾಗಿರುತ್ತದೆ.

ಹಿಂದಿನ ದಿನವೇ ಕೆಲವರಿಗೆ ಆಕಳಿಕೆ ಮೇಲೆ ಆಕಳಿಕೆ ಬರುತ್ತದೆ, ಕತ್ತು ಬಿಗಿಯುತ್ತದೆ, ಸಣ್ಣ ಮಾತಿಗೂ ಸಿಡುಕುತ್ತಾರೆ, ಸಿಹಿ ತಿನ್ನಬೇಕೆನಿಸುತ್ತದೆ. ಚಾಕೊಲೇಟ್ ತಿಂದಿದ್ದಕ್ಕೇ ತಲೆನೋವು ಬಂತು ಎಂದು ಆಮೇಲೆ ದೂರುವವರಿದ್ದಾರೆ. ಎಷ್ಟೋ ಸಲ ಆ ತಿನ್ನುವ ಆಸೆಯೇ ಮೈಗ್ರೇನಿನ ಮೊದಲ ಲಕ್ಷಣವಾಗಿರುತ್ತದೆ.

ಮೈಗ್ರೇನ್ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಇದಾದ ಮೇಲೆ ‘ಔರಾ’ ಕಾಣಿಸುತ್ತದೆ. ಒಬ್ಬ ಶಿಕ್ಷಕಿ ಉತ್ತರಪತ್ರಿಕೆ ತಿದ್ದುತ್ತಿದ್ದಾರೆ ಎಂದುಕೊಳ್ಳಿ. ಸಾಲಿನ ನಡುವೆ ಎರಡು ಅಕ್ಷರ ಕಾಣುವುದಿಲ್ಲ. ಐದು ನಿಮಿಷದಲ್ಲಿ ಆ ಖಾಲಿ ಜಾಗದ ಅಂಚಿನಲ್ಲಿ ಮಿನುಗುವ ಅಂಕುಡೊಂಕು ಗೆರೆಗಳು ಹುಟ್ಟಿ, ಕಮಾನಿನಂತೆ ಬಾಗಿ, ಒಂದೇ ಪಕ್ಕಕ್ಕೆ ಹಿಗ್ಗುತ್ತಾ ಹೋಗುತ್ತವೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೂ ಅವು ಮರೆಯಾಗುವುದಿಲ್ಲ. ಅವು ಹುಟ್ಟುತ್ತಿರುವುದು ಕಣ್ಣಿನಲ್ಲಲ್ಲ, ಮಿದುಳಿನ ಹಿಂಭಾಗದಲ್ಲಿರುವ ದೃಷ್ಟಿಯ ನೆಲೆಯಲ್ಲಿ. ಕೆಲವರಿಗೆ ಇದರ ಬೆನ್ನಿಗೇ ಬೆರಳ ತುದಿಯಲ್ಲಿ ಜುಮುಜುಮು ಎದ್ದು, ನಿಧಾನವಾಗಿ ತೋಳು ಹತ್ತಿ ತುಟಿ, ನಾಲಿಗೆಯವರೆಗೂ ಬರುತ್ತದೆ. ಒಂದೊಂದು ಲಕ್ಷಣವೂ ಸಾಮಾನ್ಯವಾಗಿ 5ರಿಂದ 60 ನಿಮಿಷ ಇದ್ದು, ಪೂರ್ತಿ ಇಳಿದುಹೋಗುತ್ತದೆ.

ಈ ನಿಧಾನಗತಿಯ ಗುಟ್ಟನ್ನು ಹಿಡಿದವರು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ. ತಮಗೇ ಕಾಣುತ್ತಿದ್ದ ಔರಾವನ್ನು ಅವರು ಹೊತ್ತು ನೋಡಿಕೊಂಡು ಮತ್ತೆ ಮತ್ತೆ ಚಿತ್ರಿಸಿದರು. ಏನೋ ಒಂದು ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸರಿಯುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲಿನ ಅರಿಸ್ಟಿಡಿಸ್ ಲಿಯಾವ್, ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹರಡುವ ಅಲೆಯೊಂದನ್ನು ವರದಿ ಮಾಡಿದರು. ಅಲೆಯ ಮುಂಚೂಣಿಯಲ್ಲಿ ನರಕೋಶಗಳು ಕೆರಳುತ್ತವೆ, ಅದು ದಾಟಿದ ಮೇಲೆ ಕೆಲಹೊತ್ತು ಸ್ತಬ್ಧವಾಗುತ್ತವೆ. ಕೆರಳಿದಲ್ಲಿ ಮಿನುಗು, ಸ್ತಬ್ಧವಾದಲ್ಲಿ ಖಾಲಿ ಜಾಗ. ಔರಾದ ಮೂಲ ಈ ಅಲೆಯೇ ಎಂದು ಇಂದು ಪರಿಣತರು ಒಪ್ಪುತ್ತಾರೆ.

ಔರಾ ಕಂಡವರಿಗೆ ನೋವು ಸಾಮಾನ್ಯವಾಗಿ ಅದರ ಜೊತೆಗೋ, ಒಂದು ಗಂಟೆಯೊಳಗೋ ಬರುತ್ತದೆ. ಮಿದುಳಿಗೆ ಸ್ವತಃ ನೋವು ತಿಳಿಯದು. ಅದನ್ನು ಸುತ್ತಿರುವ ಪೊರೆಯಲ್ಲಿ ಮುಖದ ಸಂವೇದನೆಯ ನರವಾದ ಟ್ರೈಜೆಮಿನಲ್‌ನ ತುದಿಗಳಿವೆ. ಅವು ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಸುರಿಸುತ್ತವೆ, ರಕ್ತನಾಳಗಳು ಹಿಗ್ಗುತ್ತವೆ, ನರದ ದಾರಿಯೇ ಸೂಕ್ಷ್ಮವಾಗುತ್ತದೆ. ಆಗ ಬೆಳಕು, ಸದ್ದು ಯಾವುದೂ ಸಹಿಸದು. ಔಷಧಿ ಕೆಲಸ ಮಾಡದಿದ್ದರೆ ಇದು 4ರಿಂದ 72 ಗಂಟೆ ಇರಬಹುದು. ವಾಂತಿಯಾಗುವುದರಿಂದ ನಮ್ಮಲ್ಲಿ ಇದನ್ನು ‘ಪಿತ್ತದ ತಲೆನೋವು’ ಅನ್ನುವುದುಂಟು. ಆದರೆ ಹೊಟ್ಟೆ ಇಲ್ಲಿ ಕಾರಣವಲ್ಲ, ಮಿದುಳಿನ ಗೊಂದಲ ಅದನ್ನೂ ತಟ್ಟಿರುತ್ತದೆ. ಹೊಟ್ಟೆಯ ಚಲನೆ ಕುಗ್ಗುವುದರಿಂದ ತಡವಾಗಿ ನುಂಗಿದ ಮಾತ್ರೆ ಬೇಗ ರಕ್ತಕ್ಕೆ ಸೇರುವುದಿಲ್ಲ. ನೋವು ಶುರುವಾದ ಕೂಡಲೇ ಮಾತ್ರೆ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಟೆನ್ಷನ್ ತಲೆನೋವಿನ ಸ್ವಭಾವ ಬೇರೆ. ಪೇಟವನ್ನು ಬಿಗಿಯಾಗಿ ಸುತ್ತಿದಂತೆ ತಲೆಯ ಎರಡೂ ಪಕ್ಕ ಒತ್ತುತ್ತದೆ, ಸಿಡಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಹೋಗಬಹುದು, ವಾರವೂ ಎಳೆಯಬಹುದು. ವಾಂತಿಯಿಲ್ಲ, ಔರಾ ಇಲ್ಲ. ಬೆಳಕೋ ಸದ್ದೋ ಒಂದು ಕಿರಿಕಿರಿ ಮಾಡೀತು, ಎರಡೂ ಅಲ್ಲ. ತಿಳಿಯುವ ಸುಲಭ ದಾರಿ ಮೆಟ್ಟಿಲು. ಹತ್ತಿದರೆ ಮೈಗ್ರೇನ್ ಹೆಚ್ಚುತ್ತದೆ, ಟೆನ್ಷನ್ ತಲೆನೋವು ಹೇಗಿತ್ತೋ ಹಾಗೇ ಇರುತ್ತದೆ. ಅದಿದ್ದವರು ಗೊಣಗುತ್ತಲೇ ಅಡುಗೆ ಮುಗಿಸುತ್ತಾರೆ, ಮೈಗ್ರೇನ್ ಬಂದವರು ಕತ್ತಲೆ ಕೋಣೆ ಸೇರುತ್ತಾರೆ. ಕತ್ತುನೋವನ್ನು ಮಾತ್ರ ನಂಬಿ ನಿರ್ಧರಿಸುವಂತಿಲ್ಲ, ಅದು ಎರಡರಲ್ಲೂ ಇರುತ್ತದೆ. ಮೈಗ್ರೇನ್ ಕೂಡ ಕೆಲವರಿಗೆ ಎರಡೂ ಪಕ್ಕ ಬರುತ್ತದೆ.

ಔರಾವನ್ನು ಪಾರ್ಶ್ವವಾಯುವಿನಿಂದ ಬೇರೆ ಮಾಡುವುದೂ ಅದರ ನಿಧಾನವೇ. ಔರಾ ನಿಮಿಷ ನಿಮಿಷಕ್ಕೆ ಹರಡುತ್ತದೆ, ಪಾರ್ಶ್ವವಾಯು ಸಾಮಾನ್ಯವಾಗಿ ಒಮ್ಮೆಲೇ ಬಡಿಯುತ್ತದೆ. ಮಾತು ತಟ್ಟನೆ ತೊದಲಿದರೆ, ಕೈಕಾಲು ಸೋತರೆ, ಕ್ಷಣದಲ್ಲಿ ತಲೆನೋವು ತಾರಕಕ್ಕೇರಿದರೆ, ಜೀವನದಲ್ಲಿ ಮೊದಲ ಸಲ ಔರಾದಂಥದ್ದು ಕಂಡರೆ, ಕಾಯದೆ ಆಸ್ಪತ್ರೆಗೆ ಹೋಗಬೇಕು. ಔರಾ ಇರುವ ಮಹಿಳೆಯರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಶುರುಮಾಡುವ ಮೊದಲು ವೈದ್ಯರಿಗೆ ಅದನ್ನು ಹೇಳಲೇಬೇಕು, ಏಕೆಂದರೆ ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ.